ವಾಟ ಎಲ್ಲಿ ಕೂತಿದೆ, ಮರಳು ಹೇಳುತ್ತದೆ

ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವಾಗ ಸಾಮಾನ್ಯವಾಗಿ ನಡೆಯುವ ಲೆಕ್ಕ ಇಷ್ಟೇ: ಉದ್ದ, ಅಗಲ ಗುಣಿಸು, ಕಟಿಂಗ್‌ಗೆಂದು ಶೇಕಡಾ 10 ಸೇರಿಸು, ಒಂದು ಲೋಡ್ ಮರಳು ತರಿಸು. ಬ್ಲಾಕು ಮಿಕ್ಕರೆ ಒಂದಿಷ್ಟು ದುಡ್ಡು ಹೋಗುತ್ತದೆ. ಮರಳಿನ ಲೆಕ್ಕ ತಪ್ಪಿದರೆ ಅಂಗಳವೇ ಕೂರುತ್ತದೆ.

ಮನೆಯ ಗೋಡೆಯುದ್ದಕ್ಕೂ 25 ಅಡಿ, ಗೋಡೆಯಿಂದ ಗೇಟಿನ ಕಡೆಗೆ 16 ಅಡಿ, ನಡುವೆ 3 ಅಡಿ ಚೌಕದ ತುಳಸಿ ಕಟ್ಟೆ ಇರುವ ಅಂಗಳವೊಂದನ್ನು ತೆಗೆದುಕೊಳ್ಳೋಣ. ಜನ, ಸ್ಕೂಟರ್ ಓಡಾಡುವ ಜಾಗ. 200 ಮಿಮೀ ಉದ್ದ, 100 ಮಿಮೀ ಅಗಲ, 60 ಮಿಮೀ ದಪ್ಪದ ಬ್ಲಾಕನ್ನು ಇಟ್ಟಿಗೆ ವರಸೆಯಂತೆ, ಸಾಲುಗಳು ಗೋಡೆಗೆ ಸಮಾನಾಂತರವಾಗಿ ಬರುವ ಹಾಗೆ ಜೋಡಿಸುತ್ತೇವೆ.

ಇಲ್ಲಿ ಚದರಡಿಗಿಂತ ಸಾಲಿನ ಲೆಕ್ಕವೇ ವಾಸಿ. ಬ್ಲಾಕುಗಳ ನಡುವೆ 3 ಮಿಮೀ ಸಂದು ಬಿಟ್ಟರೆ ಒಂದು ಸಾಲು 103 ಮಿಮೀ ಆಗುತ್ತದೆ. 16 ಅಡಿ ಎಂದರೆ 4,877 ಮಿಮೀ. ಅದರಲ್ಲಿ 47 ಸಾಲು ಕೂತು 36 ಮಿಮೀ ಉಳಿಯುತ್ತದೆ. ಆ ಜಾಗಕ್ಕೆ ಬ್ಲಾಕನ್ನು ಉದ್ದಕ್ಕೆ ಸೀಳಿ ಪಟ್ಟಿ ಕೂರಿಸಿದರೆ ಸ್ವಲ್ಪ ದಿನಕ್ಕೆ ಅದು ಒಡೆದು ಮೇಲೇಳುತ್ತದೆ. ಬದಲಿಗೆ, ಅಂಚಿನ ಕರ್ಬ್ ಕಲ್ಲಿಗೆ ಕಾಂಕ್ರೀಟ್ ಹಾಕುವ ಮೊದಲೇ ಅದನ್ನು ಒಂದೂವರೆ ಇಂಚು ಒಳಕ್ಕೆ ತಂದರೆ ಆ ಬದಿಯಲ್ಲಿ ಕಟಿಂಗೇ ಬೇಡ.

ಇನ್ನು ಸಾಲಿನ ಉದ್ದ. 25 ಅಡಿಗೆ 37 ಇಡೀ ಬ್ಲಾಕು, ಒಂದು ಅರ್ಧ. ಒಂದು ಸಾಲಿನಲ್ಲಿ ಅರ್ಧ ಬ್ಲಾಕು ಎಡಕ್ಕೆ ಬಂದರೆ ಮುಂದಿನ ಸಾಲಿನಲ್ಲಿ ಬಲಕ್ಕೆ. ಒಂದನ್ನು ಕತ್ತರಿಸಿದರೆ ಎರಡೂ ತುಂಡು ಉಪಯೋಗಕ್ಕೆ ಬರುತ್ತವೆ, ಹಾಗಾಗಿ ಅಂಚಿನಲ್ಲಿ ವ್ಯರ್ಥವಾಗುವುದು ಬಹಳ ಕಡಿಮೆ. 47 ಸಾಲಿಗೆ ಮೂವತ್ತೇಳೂವರೆಯಂತೆ ಸುಮಾರು 1,763 ಬ್ಲಾಕು. ಕಟ್ಟೆಯ ಜಾಗಕ್ಕೆ ಸುಮಾರು 40 ಕಳೆಯಬಹುದು. ಆದರೆ ಕಟ್ಟೆಯ ಸುತ್ತಲಿನ ಕಟಿಂಗ್‌ಗೆ ಅವನ್ನು ಹಾಗೇ ಬಿಡುವುದು ಒಳ್ಳೆಯದು. ಒಡೆಯುವುದಕ್ಕೆಂದು ಶೇಕಡಾ 2 ಸೇರಿಸಿದರೆ 1,800 ಸಾಕು. 440 ಚದರಡಿ ಬ್ಲಾಕು ತರಿಸಿದ್ದರೆ 2,040ಕ್ಕೂ ಹೆಚ್ಚು ಬಂದು ಬೀಳುತ್ತಿತ್ತು. ಶೇಕಡಾ 10ರ ಮಾತು ಸಲ್ಲುವುದು ಬ್ಲಾಕನ್ನು ಓರೆಯಾಗಿ ಜೋಡಿಸುವಾಗ. ಆಗ ನಾಲ್ಕೂ ಅಂಚಿನಲ್ಲಿ ತ್ರಿಕೋನದ ತುಂಡುಗಳು ಬೇಕಾಗುತ್ತವೆ.

ಅಡಿಗೆ ಕಾಲು ಇಂಚಿನ ವಾಟ ಕೊಟ್ಟರೆ 16 ಅಡಿಯಲ್ಲಿ ನೆಲ 4 ಇಂಚು ಇಳಿಯುತ್ತದೆ. ಇದರಿಂದ ಬ್ಲಾಕಿನ ಸಂಖ್ಯೆ ಒಂದೂ ಹೆಚ್ಚುವುದಿಲ್ಲ. ಮರಳು ಮಾತ್ರ, ವಾಟವನ್ನು ಎಲ್ಲಿ ಕೊಟ್ಟಿದ್ದಾರೆ ಎಂಬುದರ ಮೇಲೆ ನಿಂತಿದೆ.

ಸರಿಯಾದ ಕ್ರಮದಲ್ಲಿ ಜಲ್ಲಿ ಹಾಸಿನಲ್ಲೇ 4 ಇಂಚಿನ ವಾಟ ಬಂದಿರುತ್ತದೆ. ಅದರ ಮೇಲೆ ಮರಳು ಎಲ್ಲೆಡೆ ಒಂದೇ ದಪ್ಪ, ಒಂದೂವರೆ ಇಂಚು. ಕಟ್ಟೆ ಬಿಟ್ಟು 391 ಚದರಡಿಗೆ ಸುಮಾರು 49 ಘನ ಅಡಿ; ಚೆಲ್ಲುವುದು, ಒತ್ತುವುದು ಎಲ್ಲ ಸೇರಿ 56. ಸಂದಿಗೆ ತುಂಬುವ ಒಣ ನುಣ್ಣನೆಯ ಮರಳು ಬೇರೆಯಾಗಿ ನಾಲ್ಕೈದು ಘನ ಅಡಿ ಬೇಕು. ಕೆಳಗಿನ ಹಾಸಿಗೆ ಮಾತ್ರ ಕಾಂಕ್ರೀಟಿನ ದಪ್ಪ ಎಂ-ಸ್ಯಾಂಡ್ ಇರಲಿ. ಕ್ರಷರ್ ಪುಡಿ ನೀರು ಹಿಡಿದು ಕೆಸರಾಗುತ್ತದೆ.

ಜಲ್ಲಿಯನ್ನು ಮಟ್ಟಸವಾಗಿ ಹಾಕಿ ವಾಟವನ್ನು ಮರಳಿನಲ್ಲೇ ಮಾಡಿದರೆ ಗೋಡೆಯ ಕಡೆ ಮರಳು ಐದೂವರೆ ಇಂಚಾಗುತ್ತದೆ. ಹೆಚ್ಚುವರಿಯಾಗಿ ಸರಾಸರಿ 2 ಇಂಚು, ಅಂದರೆ ಇನ್ನೂ 65 ಘನ ಅಡಿ. ದಪ್ಪವಿರುವ ಕಡೆ ಮರಳು ಹೆಚ್ಚು ಕೂರುತ್ತದೆ. ಇಲ್ಲಿ ದಪ್ಪವಿರುವುದು ಗೋಡೆಯ ಬುಡದಲ್ಲೇ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ವಾಟ ಸತ್ತು, ಗೇಟಿನತ್ತ ಹೋಗಬೇಕಾದ ನೀರು ಪಾಯದ ಪಕ್ಕ ನಿಲ್ಲುತ್ತದೆ.

ಹಾಗಾಗಿ ಇಂಥ ಅಂಗಳಕ್ಕೆ ಮೇಸ್ತ್ರಿ 60 ಘನ ಅಡಿ ಮರಳು ಕೇಳಿದರೆ ಸರಿ; 120 ಕೇಳಿದರೆ ಕೆಲಸ ನಿಲ್ಲಿಸಿ ಜಲ್ಲಿಯ ಮಟ್ಟ ನೋಡಿ. ಗೋಡೆಯಿಂದ ಗೇಟಿಗೆ ದಾರ ಕಟ್ಟಿ, ನೀರಿನ ಪೈಪಿನಿಂದ ಅದನ್ನು ಸಮಮಟ್ಟಕ್ಕೆ ತಂದು, ಎರಡೂ ತುದಿಯಲ್ಲಿ ದಾರದಿಂದ ಜಲ್ಲಿಗೆ ಎಷ್ಟಿದೆ ಎಂದು ಟೇಪು ಹಿಡಿದು ಅಳೆಯಿರಿ. ಗೇಟಿನ ಕಡೆ 4 ಇಂಚು ಹೆಚ್ಚು ಬಂದರೆ ಮರಳು ಹರಡಬಹುದು. ಎರಡೂ ಕಡೆ ಒಂದೇ ಅಳತೆ ಬಂದರೆ ತರಿಸಬೇಕಾದ್ದು ಇನ್ನಷ್ಟು ಜಲ್ಲಿ.