ಮೆಗ್ಗರ್ ಮುಳ್ಳು ಹೇಳುವ ಸತ್ಯ

ಹೊಸ ಮನೆಗೆ ಬಣ್ಣ ಬಳಿದು, ಗೃಹಪ್ರವೇಶಕ್ಕೆ ದಿನ ನೋಡುವ ಹೊತ್ತಿಗೆ ನೆನಪಾಗುವ ಕಾಗದವೊಂದಿದೆ. ಕಟ್ಟುವಾಗ ಪಡೆದ ತಾತ್ಕಾಲಿಕ ವಿದ್ಯುತ್ ಸಂಪರ್ಕ ಹೋಗಿ ಕಾಯಂ ಮೀಟರ್ ಬರಬೇಕಾದರೆ, ವೈರಿಂಗ್ ಮುಗಿದಿದೆ, ಪರೀಕ್ಷೆ ಮಾಡಿದ್ದೇವೆ, ಸುರಕ್ಷಿತವಾಗಿದೆ ಎಂದು ಪರವಾನಗಿ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಸಹಿ ಹಾಕಿ ಕೊಡಬೇಕು. ಇದೇ ಕಂಪ್ಲೀಷನ್ ರಿಪೋರ್ಟ್. ಬೆಸ್ಕಾಂ ಇರಲಿ, ಮೆಸ್ಕಾಂ, ಹೆಸ್ಕಾಂ ಇರಲಿ, ಇದನ್ನು ಕೇಳಿಯೇ ಕೇಳುತ್ತಾರೆ.

ನಗರಸಭೆಯೋ ಪಾಲಿಕೆಯೋ ಕೊಡುವ ಸ್ವಾಧೀನಾನುಭವ ಪತ್ರ, ಅಂದರೆ ಓಸಿ, ಬೇರೆ. ಅದು ಕಟ್ಟಡ ನಕ್ಷೆಯ ಪ್ರಕಾರವೇ ಎದ್ದಿದೆ ಎನ್ನುತ್ತದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದಿಲ್ಲದೆ ವಿದ್ಯುತ್ ಕೊಡಬಾರದೆಂದು ಹೇಳಿದ ಮೇಲೆ ರಾಜ್ಯದಲ್ಲಿ ಚರ್ಚೆಯೆಲ್ಲ ಅದರ ಸುತ್ತಲೇ ನಡೆಯಿತು. ಗೋಡೆಯೊಳಗಿನ ತಂತಿಯ ಬಗ್ಗೆ ಮಾತಾಡುವುದು ಕಂಪ್ಲೀಷನ್ ರಿಪೋರ್ಟ್ ಮಾತ್ರ. ಅದರಲ್ಲೂ ಜೀವ ಇರುವುದು ಒಂದೇ ಸಾಲಿನಲ್ಲಿ: ಇನ್ಸುಲೇಷನ್ ಎಷ್ಟು ಮೆಗಾಓಮ್.

ಇದನ್ನು ಅಳೆಯುವ ಉಪಕರಣ ಮೆಗ್ಗರ್. ಹಿಡಿ ತಿರುಗಿಸುವ ಹಳೆಯದೂ ಉಂಟು, ಬಟನ್ ಒತ್ತುವ ಹೊಸದೂ ಉಂಟು. ಎರಡೂ ತಂತಿಗೆ 500 ವೋಲ್ಟ್ ಡಿಸಿ ಒತ್ತಡ ಕೊಟ್ಟು, ಅದರ ಮೇಲಿನ ಹೊದಿಕೆ ಎಷ್ಟು ಬಿಗಿಯಾಗಿ ಕರೆಂಟನ್ನು ತಡೆಯುತ್ತದೆಂದು ನೋಡುತ್ತವೆ. ಒಂದು ನಿಮಿಷ ಆ ಒತ್ತಡ ಕೊಟ್ಟಾಗ ತಂತಿಗೂ ಅರ್ತಿಗೂ ನಡುವೆ ಕನಿಷ್ಠ 1 ಮೆಗಾಓಮ್ ಇರಬೇಕೆಂಬುದು ನಿಯಮ. ಒಳ್ಳೆಯ ಹೊಸ ವೈರಿಂಗ್ ಇದಕ್ಕಿಂತ ಎಷ್ಟೋ ಹೆಚ್ಚು ತೋರಿಸುತ್ತದೆ.

ಶಿವಮೊಗ್ಗದಲ್ಲಿ ಮಳೆಗಾಲಕ್ಕೆ ಸ್ವಲ್ಪ ಮೊದಲು ಗಿಲಾವು ಮುಗಿದ ಮನೆ ಎಂದುಕೊಳ್ಳಿ. ಮೇನ್ ಆಫ್ ಮಾಡಿ, ಬಲ್ಬು, ಫ್ಯಾನು ಎಲ್ಲ ಬಿಚ್ಚಿಟ್ಟು, ಫೇಸ್‌ಗೂ ಅರ್ತಿಗೂ ಮೆಗ್ಗರ್ ಹಿಡಿದರೆ 0.2 ಬಂತು. ಈಗ ಡಿಬಿ ಪೆಟ್ಟಿಗೆಯ ಎಂಸಿಬಿಗಳನ್ನು ಒಂದೊಂದಾಗಿ ಕೆಳಗಿಳಿಸುತ್ತ ಹೋಗಬೇಕು. ಸ್ನಾನದ ಮನೆಯ ಗೀಸರ್ ಎಂಸಿಬಿ ಇಳಿಸಿದ ಕೂಡಲೇ ಮುಳ್ಳು 50ಕ್ಕೆ ಜಿಗಿಯಿತು ಎಂದರೆ ಕಳ್ಳ ಅಲ್ಲೇ ಇದ್ದಾನೆ. ಬಾಕ್ಸ್ ತೆರೆದು ನೋಡಿದರೆ ಪೈಪಿನಲ್ಲಿ ಇಳಿದ ಸಿಮೆಂಟ್ ನೀರು, ಟೇಪ್ ಸಡಿಲಾದ ಜಾಯಿಂಟ್ ಒದ್ದೆಯಾಗಿ ಕೂತಿರುತ್ತದೆ. ಒಣಗಿಸಿ, ಜಾಯಿಂಟ್ ತೆಗೆದು ಪೂರಾ ಹೊಸ ತಂತಿ ಎಳೆದ ಮೇಲೆ ಮತ್ತೆ ಅಳೆಯಬೇಕು.

ಆರ್‌ಸಿಸಿಬಿ ಹಾಕಿಸಿದ್ದೇವಲ್ಲ, ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ: 0.2 ಮೆಗಾಓಮ್ ಇರುವ ಕಡೆ 230 ವೋಲ್ಟ್‌ಗೆ ಸೋರುವುದು ಸುಮಾರು 1 ಮಿಲಿ ಆಂಪಿಯರ್. ಮನೆಗಳಿಗೆ ಹಾಕುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಅಷ್ಟಕ್ಕೆ ಅಲುಗಾಡುವುದೂ ಇಲ್ಲ. ತೇವ ಹೆಚ್ಚಿ, ಹೊದಿಕೆ ಕೊಳೆತು, ಸೋರಿಕೆ ದೊಡ್ಡದಾದ ಮೇಲೆಯೇ ಅದು ಬೀಳುವುದು. ಮೆಗ್ಗರ್ ಅದನ್ನು ವರ್ಷಗಳ ಮುಂಚೆಯೇ ಕಂಡುಬಿಡುತ್ತದೆ. ಅದಕ್ಕೇ ಈ ಪರೀಕ್ಷೆಗೆ ಬದಲಿ ಇಲ್ಲ.

ನ್ಯೂಟ್ರಲ್‌ಗೂ ಅರ್ತಿಗೂ ನಡುವೆಯೂ ಹೀಗೆಯೇ ಅಳೆಯಬೇಕು. ಆಗ ನ್ಯೂಟ್ರಲ್ ತಂತಿಗಳನ್ನು ಬಾರ್‌ನಿಂದ ಬಿಚ್ಚಬೇಕಾಗುತ್ತದೆ. ಬಹಳ ಕಡೆ ಬಿಟ್ಟುಹೋಗುವುದು ಇದೇ. ಯಾವುದೋ ಸ್ವಿಚ್ ಬಾಕ್ಸ್‌ನಲ್ಲಿ ಎರಡೂ ತಾಗಿಕೊಂಡಿದ್ದರೆ ಸಂಪರ್ಕ ಬಂದ ಮೇಲೆ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ. ತಪ್ಪು ಹುಡುಕುವುದು ಕಷ್ಟವೆಂದು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ಕೊಡುವ ಕೆಲಸ ನಡೆಯುತ್ತದೆ. ಇದು ಕೊಲೆಗೆಲಸಕ್ಕೆ ಸಮ. ಅಂಥ ರಿಪೇರಿಯನ್ನು ಯಾರೂ ಒಪ್ಪಬಾರದು.

ನೋವಿನ ಸಂಗತಿಯೆಂದರೆ ಎಷ್ಟೋ ವರದಿಗಳಲ್ಲಿ ಈ ಅಂಕಿಗಳು ಮೇಜಿನ ಮೇಲೆಯೇ ಹುಟ್ಟುತ್ತವೆ. ವೈರಿಂಗ್ ಮಾಡಿದವರು ಒಬ್ಬರು, ಪರವಾನಗಿಯ ಸೀಲು ಇನ್ನೊಬ್ಬರದು. ಸೀಲಿನವರು ಮನೆಯ ಬಾಗಿಲು ದಾಟಿರುವುದಿಲ್ಲ. ಗುರುತಿಸುವುದು ಕಷ್ಟವಲ್ಲ. ಎಲ್ಲ ಸಾಲಿನಲ್ಲೂ ಒಂದೇ ಅಂಕಿ ಬರೆದಿದ್ದರೆ, ಅಥವಾ ಅರ್ತ್ ಗುಂಡಿ ತೋಡುವ ಮೊದಲೇ ಅರ್ತ್‌ನ ಓಮ್ ತುಂಬಿದ್ದರೆ, ಅಳತೆ ನಡೆದಿಲ್ಲ ಎಂದೇ ಅರ್ಥ. ಪರವಾನಗಿ ಕೊಡುವ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಇದನ್ನು ದೂರಬಹುದು. ಅದಕ್ಕಿಂತ ಸುಲಭ, ಪರೀಕ್ಷೆಯ ದಿನ ಮನೆಯ ಯಜಮಾನರು ಪಕ್ಕದಲ್ಲೇ ನಿಂತು ಪ್ರತಿ ಸರ್ಕ್ಯೂಟಿನ ಅಂಕಿಯನ್ನು ಬರೆದುಕೊಳ್ಳುವುದು.

ಇನ್ನೆರಡು ಮಾತು. ಎಲ್‌ಇಡಿ ಬಲ್ಬು, ಟಿವಿ, ಇನ್ವರ್ಟರ್ ಸಿಕ್ಕಿಸಿಟ್ಟು ಮೆಗ್ಗರ್ ಮಾಡಿದರೆ 500 ವೋಲ್ಟ್‌ಗೆ ಅವು ಕೆಡಬಹುದು, ಅಂಕಿಯೂ ತಪ್ಪಾಗಿ ಬರುತ್ತದೆ. ಮತ್ತೆ, ಆ ಅಂಕಿ ಆ ದಿನದ ಮಟ್ಟಿಗೆ ಮಾತ್ರ ನಿಜ. ಆಮೇಲೆ ಫಾಲ್ಸ್ ಸೀಲಿಂಗ್‌ನವರು, ಮಾಡ್ಯುಲರ್ ಅಡುಗೆಮನೆಯವರು ಬಂದು ಗೋಡೆ ಕೊರೆದರೆ, ವಾಸಕ್ಕೆ ಬರುವ ಮೊದಲು ಆ ಕೋಣೆಯ ಸರ್ಕ್ಯೂಟನ್ನಾದರೂ ಮತ್ತೊಮ್ಮೆ ಅಳೆಸಬೇಕು.