ನಾಲ್ಕೂವರೆ ತಿಂಗಳ ಕೆಲಸ

ದಾವಣಗೆರೆಯಿಂದ ಬೆಂಗಳೂರಿಗೆ ಬಂದು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿರುವ ಹುಡುಗಿಯೊಬ್ಬಳು ಈಚೆಗೆ ತನ್ನ ಲಿಂಕ್ಡ್‌ಇನ್ ಪುಟ ತೆರೆದು ನನ್ನ ಮುಂದಿಟ್ಟಳು. ಮೊದಲ ಕಂಪನಿಯಲ್ಲಿ 2019ರ ಜುಲೈನಿಂದ 2023ರ ಮಾರ್ಚ್ 31ರವರೆಗೆ ಇದ್ದಳು. ಏಪ್ರಿಲ್ 10ಕ್ಕೆ ಒಂದು ಸ್ಟಾರ್ಟಪ್ ಸೇರಿದಳು. ಆಗಸ್ಟ್ 25ಕ್ಕೆ ಅವರು ಇಡೀ ತಂಡವನ್ನೇ ಮನೆಗೆ ಕಳಿಸಿದರು. ಈಗಿರುವ ಕೆಲಸಕ್ಕೆ ಸೇರಿದ್ದು ಅಕ್ಟೋಬರ್‌ನಲ್ಲಿ. "ಮೇಡಂ, ನಡುವಿನದ್ದನ್ನ ಹಾಕ್ಲಾ, ಬಿಡ್ಲಾ? ಮೊದಲ ಕಂಪನೀನೇ ಆಗಸ್ಟ್‌ವರೆಗೆ ಅಂತ ಹಾಕಿಬಿಡು ಅಂತಾರೆ ಫ್ರೆಂಡ್ಸು" ಎಂದಳು.

ಎಚ್‌ಆರ್ ವಿಭಾಗದಲ್ಲಿ ವರ್ಷಗಟ್ಟಲೆ ಅರ್ಜಿ ನೋಡಿದವಳಾಗಿ ಅವಳಿಗೆ ಮೊದಲು ಹೇಳಿದ್ದು ಇಷ್ಟು: ಪ್ರೊಫೈಲ್ ಬೇರೆ, ವೆರಿಫಿಕೇಶನ್ ಫಾರಂ ಬೇರೆ. ಪ್ರೊಫೈಲ್‌ನಲ್ಲಿ ಯಾವುದನ್ನು ತೋರಿಸಬೇಕು ಎನ್ನುವುದು ನಿನ್ನ ಆಯ್ಕೆ. ಆಫರ್ ಬಂದ ಮೇಲೆ ತುಂಬುವ ಫಾರಂನಲ್ಲಿ ಹಿಂದಿನ ಎಲ್ಲ ಕೆಲಸಗಳನ್ನೂ ಬರೆಯಿರಿ ಎಂದಿದ್ದರೆ ಎಲ್ಲವನ್ನೂ ಬರೆಯಲೇಬೇಕು. ಬಿಡುವುದು ಒಂದು, ತಾರೀಖು ಎಳೆಯುವುದು ಇನ್ನೊಂದು. ಎಳೆದರೆ ಅದು ಸುಳ್ಳು.

ಆ ಸುಳ್ಳು ಹೊರಬೀಳುವುದು ಪಿಎಫ್ ಖಾತೆಯಿಂದ. ಒಬ್ಬರಿಗೆ ಒಂದೇ ಯುಎಎನ್, 12 ಅಂಕಿಯ ಸಂಖ್ಯೆ. ಕಂಪನಿ ಬದಲಾದರೂ ಅದು ಬದಲಾಗುವುದಿಲ್ಲ. ಪಿಎಫ್ ಜಾಲತಾಣದಲ್ಲಿ Service History ತೆರೆದರೆ ಯಾವ ಕಂಪನಿಗೆ ಎಂದು ಸೇರಿದ್ದು, ಎಂದು ಬಿಟ್ಟದ್ದು ಎಲ್ಲ ಸಾಲಾಗಿ ಕಾಣುತ್ತದೆ. ವೆರಿಫಿಕೇಶನ್‌ನವರು ಇದನ್ನು ಕೇಳುವುದು ಈಗ ಸಾಮಾನ್ಯ. ಅಲ್ಲಿ ಮಾರ್ಚ್‌ಗೆ ಮುಗಿದ ಕೆಲಸ ಪ್ರೊಫೈಲ್‌ನಲ್ಲಿ ಆಗಸ್ಟ್‌ವರೆಗೆ ಇದ್ದರೆ, ರಿಲೀವಿಂಗ್ ಲೆಟರ್ ಕೂಡ ಅವಳ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಪಿಎಫ್ ಕಟ್ಟದ ಚಿಕ್ಕ ಕಂಪನಿಯಾದರೂ, ಸಂಬಳದಿಂದ ತೆರಿಗೆ ಹಿಡಿದಿದ್ದರೆ 26ಎಎಸ್‌ನಲ್ಲಿ ಅದರ ಹೆಸರು ಉಳಿದಿರುತ್ತದೆ. ನಾಲ್ಕು ತಿಂಗಳ ಕೆಲಸಕ್ಕಾಗಿ ಯಾರೂ ಆಫರ್ ಹಿಂದೆ ಪಡೆಯಲಿಕ್ಕಿಲ್ಲ. ತಿದ್ದಿದ ತಾರೀಖಿಗಾಗಿ ಪಡೆಯುತ್ತಾರೆ.

ಅವಳ Service History ತೆರೆಸಿ ನೋಡಿದೆ. ಸ್ಟಾರ್ಟಪ್‌ನವರು ಬಿಟ್ಟ ದಿನಾಂಕವನ್ನೇ ನಮೂದಿಸಿರಲಿಲ್ಲ. ದಾಖಲೆಯ ಪ್ರಕಾರ ಅವಳು ಈಗಲೂ ಅಲ್ಲಿದ್ದಾಳೆ, ಇಲ್ಲೂ ಇದ್ದಾಳೆ. ನೋಡಿದವರಿಗೆ ಎರಡು ಕಡೆ ಸಂಬಳ ಎಣಿಸುತ್ತಿರುವಂತೆ ಕಾಣುತ್ತದೆ. ಅಲ್ಪಾವಧಿ ಕೆಲಸಗಳಲ್ಲಿ, ಅದರಲ್ಲೂ ಕಂಪನಿ ಗಡಿಬಿಡಿಯಲ್ಲಿ ಜನರನ್ನು ಕಳಿಸಿದಾಗ, ಇದು ಆಗುವುದುಂಟು. ಕೊನೆಯ ಕಂತು ಜಮೆಯಾಗಿ ಎರಡು ತಿಂಗಳು ಕಳೆದಿದ್ದರೆ ಉದ್ಯೋಗಿಯೇ Mark Exit ಎಂಬಲ್ಲಿ ಹೋಗಿ, ಆಧಾರ್ ಒಟಿಪಿ ಕೊಟ್ಟು ದಿನಾಂಕ ತುಂಬಬಹುದು. ಕೊನೆಯ ಕಂತು ಬಂದ ತಿಂಗಳೊಳಗಿನ ದಿನಾಂಕವೇ ಆಗಬೇಕು. ರಿಲೀವಿಂಗ್ ಲೆಟರ್ ಎದುರಿಗಿಟ್ಟುಕೊಂಡೇ ತುಂಬಿಸಿದೆ.

ಇನ್ನು ಹಾಕುವುದೋ ಬಿಡುವುದೋ. ಕ್ಯಾಲೆಂಡರ್ ತೆಗೆದು ಎಣಿಸಿದೆವು. ಸ್ಟಾರ್ಟಪ್ ಬಿಟ್ಟುಬಿಟ್ಟರೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆರು ತಿಂಗಳ ಖಾಲಿ ಜಾಗ. ಹಾಕಿದರೆ ಖಾಲಿ ಉಳಿಯುವುದು ಸುಮಾರು ಒಂದು ತಿಂಗಳು. ಜೊತೆಗೆ ಅಲ್ಲಿ ಅವಳು ಕಲಿತ ಆಟೊಮೇಶನ್ ಕೆಲಸವನ್ನೇ ಈಗ ಹುಡುಕುತ್ತಿರುವ ಕಡೆಯವರು ಕೇಳುತ್ತಿದ್ದಾರೆ. ಹಾಕು ಎಂದೆ. ತಿಂಗಳು ಕಾಣದಂತೆ ಬರೀ "2023" ಎಂದು ಬರೆಯಬಹುದಲ್ಲ ಎಂದಳು. ಅದು ಸುಳ್ಳಲ್ಲ, ಆದರೆ ಎಚ್‌ಆರ್‌ನವರು ಮೊದಲ ಫೋನಿನಲ್ಲೇ ತಿಂಗಳು ಕೇಳುತ್ತಾರೆ. ಆಗ ತಡವರಿಸುವುದಕ್ಕಿಂತ ಬರೆದಿರುವುದೇ ಮೇಲು.

ಬರೆಯುವಾಗ ಮಾತ್ರ ಚಿಕ್ಕದಾಗಿ ಬರೆಯಬೇಕು. ನಾಲ್ಕು ವರ್ಷದ ಕೆಲಸಕ್ಕೆ ಐದು ಸಾಲಿದ್ದರೆ ಇದಕ್ಕೆ ಎರಡು ಸಾಕು. ಅವಳದ್ದು ಹೀಗಾಯಿತು: "ಪಾವತಿ ಆ್ಯಪ್‌ನ ಲಾಗಿನ್ ಮತ್ತು ರೀಫಂಡ್ ಪರೀಕ್ಷೆಗಳನ್ನು ಆಟೊಮೇಟ್ ಮಾಡಿದೆ. ಯೋಜನೆ ನಿಂತದ್ದರಿಂದ 2023ರ ಆಗಸ್ಟ್‌ನಲ್ಲಿ ತಂಡವನ್ನು ಬಿಡುಗಡೆ ಮಾಡಲಾಯಿತು." ಬಿಟ್ಟ ಕಾರಣ ಕಂಪನಿಯದ್ದಾಗಿದ್ದರೆ ಪ್ರೊಫೈಲ್‌ನಲ್ಲೇ ಒಂದು ಸಾಲು ಇರಲಿ. ಗುತ್ತಿಗೆ ಕೆಲಸವಾಗಿದ್ದರೆ ಹುದ್ದೆಯ ಬಗೆಯನ್ನು ಗುತ್ತಿಗೆ ಎಂದು ಆರಿಸಿದರೆ ಸಾಕು, ಅವಧಿ ತಾನೇ ಅರ್ಥವಾಗುತ್ತದೆ. ಆದರೆ ಮ್ಯಾನೇಜರ್ ಜೊತೆ ಸರಿಹೋಗಲಿಲ್ಲ, ಹೇಳಿದ ಕೆಲಸ ಕೊಡಲಿಲ್ಲ ಎಂಬಂಥ ಕಾರಣಗಳನ್ನು ಪ್ರೊಫೈಲ್‌ನಲ್ಲಿ ಬರೆಯಬಾರದು. ಅವು ಎದುರು ಕೂತಾಗ, ಕೇಳಿದರೆ, ಎರಡು ವಾಕ್ಯದಲ್ಲಿ ಹೇಳುವಂಥವು: "ಆಟೊಮೇಶನ್‌ಗೆಂದು ಸೇರಿದೆ, ಸಿಕ್ಕಿದ್ದು ಸಪೋರ್ಟ್ ಕೆಲಸ. ಮೂರು ತಿಂಗಳು ನೋಡಿ, ನೋಟಿಸ್ ಕೊಟ್ಟು ಬಿಟ್ಟೆ." ಇದಕ್ಕಿಂತ ಉದ್ದವಾದರೆ ಕೇಳುವವರಿಗೆ ಜಗಳದ ವಾಸನೆ ಬರುತ್ತದೆ.

ಅವಳ ಅಣ್ಣನದೂ ಇಂಥದೇ ಪ್ರಶ್ನೆ, ಉತ್ತರ ಮಾತ್ರ ಬೇರೆ. 2017ರಲ್ಲಿ ಏಳು ವಾರ ಕಾಲ್ ಸೆಂಟರ್‌ನಲ್ಲಿದ್ದ. ಆಮೇಲೆ ಅಕೌಂಟ್ಸ್‌ಗೆ ಸೇರಿದವನು ಅದೇ ಕೆಲಸದಲ್ಲಿ ಮುಂದುವರಿದಿದ್ದಾನೆ. ಅಷ್ಟು ಹಳೆಯ, ಈಗಿನ ಕೆಲಸಕ್ಕೆ ಸಂಬಂಧವಿಲ್ಲದ ಏಳು ವಾರ ತೆಗೆದರೆ ಯಾರ ಕಣ್ಣಿಗೂ ಖಾಲಿ ಜಾಗ ಬೀಳುವುದಿಲ್ಲ. ಅವನ ಪ್ರೊಫೈಲ್‌ನಿಂದ ತೆಗೆಸಿದೆ. ವೆರಿಫಿಕೇಶನ್ ಫಾರಂನಲ್ಲಿ ಮಾತ್ರ ಆ ಏಳು ವಾರ ತಾರೀಖು ಸಮೇತ ಹಾಗೇ ಇದೆ.