ತಪ್ಪು ಲೆಕ್ಕದ ಸರಿಯಾದ ಉತ್ತರ
ತಂಡದ ಗುರಿಗೆ ಯಾವ ಅಳತೆ? ಯೂಟ್ಯೂಬ್ ಕಲಿತ ಪಾಠ

2012ರಲ್ಲಿ ಯೂಟ್ಯೂಬ್ ತನ್ನ ಶಿಫಾರಸು ವ್ಯವಸ್ಥೆಯ ಅಳತೆಗೋಲನ್ನೇ ಬದಲಾಯಿಸಿತು. ಅಲ್ಲಿಯವರೆಗೆ ಒಂದು ವಿಡಿಯೊವನ್ನು ಎಷ್ಟು ಸಲ ತೆರೆದಿದ್ದಾರೆ ಎಂಬುದೇ ಮುಖ್ಯ ಲೆಕ್ಕವಾಗಿತ್ತು. ಆಮೇಲೆ, ತೆರೆದವರು ಎಷ್ಟು ಹೊತ್ತು ನೋಡಿದರು ಎಂಬುದು ಮುಖ್ಯವಾಯಿತು. ಹೊಸ ಲೆಕ್ಕ ಜಾರಿಗೆ ಬಂದ ಕೂಡಲೇ ವೀಕ್ಷಣೆಗಳ ಸಂಖ್ಯೆ ಶೇ 20ರಷ್ಟು ಕುಸಿಯಿತು. ಆದರೂ ಕಂಪನಿ ಹಿಂದೆ ಸರಿಯಲಿಲ್ಲ. ಕಳೆದುಹೋದ ವೀಕ್ಷಣೆಗಳಲ್ಲಿ ಬಹುಪಾಲು ಯಾರಿಗೂ ಉಪಯೋಗವಿಲ್ಲದವು ಎಂದು ಅಲ್ಲಿನ ಎಂಜಿನಿಯರುಗಳು ನಂಬಿದ್ದರು. ಆಕರ್ಷಕ ಚಿತ್ರ ಮತ್ತು ತಲೆಬರಹ ನೋಡಿ ಜನ ವಿಡಿಯೊ ತೆರೆಯುತ್ತಿದ್ದರು, ಒಳಗೆ ಏನೂ ಇಲ್ಲವೆಂದು ತಿಳಿದು ಹೊರಗೆ ಬರುತ್ತಿದ್ದರು. ಹಳೆಯ ಲೆಕ್ಕದಲ್ಲಿ ಅದೂ ಒಂದು ವೀಕ್ಷಣೆಯೇ.

ತಂಡವೊಂದು ತನ್ನ ಗುರಿಯನ್ನು ಹೇಗೆ ಅಳೆಯಬೇಕು, ಅಳತೆ ತಪ್ಪಿದರೆ ಏನಾಗುತ್ತದೆ ಎಂದು ತಿಳಿಯಲು ಯೂಟ್ಯೂಬಿನ ಈ ಪ್ರಯಾಣಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅದರ ಮಾತೃಸಂಸ್ಥೆ ಗೂಗಲ್‌ನಲ್ಲಿ ಗುರಿ ನಿಗದಿಗೆ ಬಳಸುವ ಪದ್ಧತಿಯ ಹೆಸರು ‘ಆಬ್ಜೆಕ್ಟಿವ್ಸ್ ಆ್ಯಂಡ್ ಕೀ ರಿಸಲ್ಟ್ಸ್’, ಚಿಕ್ಕದಾಗಿ ಓಕೆಆರ್. ಇಂದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಮೂರು ತಿಂಗಳಿಗೊಮ್ಮೆ ಕೇಳಿಬರುವ ಮಾತಿದು.

ಪದ್ಧತಿಯ ಹುರುಳು

1970ರ ದಶಕದಲ್ಲಿ ಚಿಪ್ ತಯಾರಿಸುವ ಇಂಟೆಲ್ ಕಂಪನಿಯಲ್ಲಿ ಆ್ಯಂಡಿ ಗ್ರೋವ್ ಇದನ್ನು ರೂಪಿಸಿದರು. ಆಗ ಅಲ್ಲಿ ಕೆಲಸಕ್ಕಿದ್ದ ಜಾನ್ ಡೋರ್ ಮುಂದೆ ಹೂಡಿಕೆದಾರರಾಗಿ 1999ರಲ್ಲಿ ಗೂಗಲ್‌ಗೆ ಇದನ್ನು ಕಲಿಸಿಕೊಟ್ಟರು.

ಓಕೆಆರ್‌ಗೆ ಎರಡು ಭಾಗ. ಮೊದಲನೆಯದು ಗುರಿ. ಏನು ಸಾಧಿಸಬೇಕು ಎಂಬುದನ್ನು ಎಲ್ಲರಿಗೂ ಅರ್ಥವಾಗುವಂತೆ ಒಂದು ವಾಕ್ಯದಲ್ಲಿ ಹೇಳಬೇಕು. ಇದರಲ್ಲಿ ಅಂಕಿ ಇರಲೇಬೇಕೆಂದಿಲ್ಲ. ಎರಡನೆಯದು ಮುಖ್ಯ ಫಲಿತಾಂಶಗಳು. ಗುರಿ ಮುಟ್ಟಿದೆವೋ ಇಲ್ಲವೋ ಎಂದು ಹೇಗೆ ತಿಳಿಯುವುದು ಎಂಬ ಪ್ರಶ್ನೆಗೆ ಇವು ಉತ್ತರ. ಒಂದು ಗುರಿಗೆ ಮೂರರಿಂದ ಐದು ಫಲಿತಾಂಶ ಸಾಕು. ಅವಧಿ ಮುಗಿದಾಗ ವಾದಕ್ಕೆ ಎಡೆಯಿಲ್ಲದಂತೆ ಆಯಿತು ಅಥವಾ ಆಗಲಿಲ್ಲ ಎಂದು ಹೇಳಲು ಬರಬೇಕು.

ಪ್ರತಿ ಫಲಿತಾಂಶಕ್ಕೂ ಕೊನೆಯಲ್ಲಿ ಸೊನ್ನೆಯಿಂದ ಒಂದರವರೆಗೆ ಅಂಕ ಕೊಡುತ್ತಾರೆ. ಗೂಗಲ್‌ನಲ್ಲಿ ಗುರಿಗಳು ಎರಡು ಬಗೆ. ಮಾಡಿಯೇ ತೀರಬೇಕಾದ ಗುರಿಗೆ ಪೂರ್ತಿ ಒಂದು ಅಂಕ ಬರಬೇಕು. ಕೈಗೆ ಎಟುಕದಷ್ಟು ಎತ್ತರದ ಗುರಿಗೆ 0.7 ಬಂದರೂ ಗೆದ್ದಂತೆ. ಇಲ್ಲಿ ಇನ್ನೊಂದು ನಿಯಮವೂ ಮುಖ್ಯ: ಈ ಅಂಕವನ್ನು ನೇರವಾಗಿ ಸಂಬಳಕ್ಕೋ ಬೋನಸ್‌ಗೋ ಕಟ್ಟಬಾರದು. ಕಟ್ಟಿದರೆ ಜನ ಸುಲಭವಾಗಿ ಮುಟ್ಟಬಹುದಾದ ಗುರಿಯನ್ನೇ ಬರೆದುಕೊಳ್ಳುತ್ತಾರೆ.

ನೂರು ಕೋಟಿ ಗಂಟೆ

2012ರ ನವೆಂಬರ್‌ನಲ್ಲಿ ಯೂಟ್ಯೂಬ್ ನಾಯಕತ್ವ ಒಂದು ಎತ್ತರದ ಗುರಿ ಘೋಷಿಸಿತು. 2016 ಮುಗಿಯುವುದರೊಳಗೆ ಜಗತ್ತಿನ ಜನ ಒಟ್ಟಾಗಿ ದಿನಕ್ಕೆ ನೂರು ಕೋಟಿ ಗಂಟೆ ಯೂಟ್ಯೂಬ್ ನೋಡಬೇಕು. ಆಗ ನೋಡುತ್ತಿದ್ದುದಕ್ಕೆ ಇದು ಹತ್ತು ಪಟ್ಟು. ಈ ಗುರಿಯ ಹಿಂದೆ ನಿಂತು ದುಡಿದವರಲ್ಲಿ ಎಂಜಿನಿಯರಿಂಗ್ ಮುಖ್ಯಸ್ಥ ಕ್ರಿಸ್ಟೋಸ್ ಗುಡ್‌ರೋ ಮುಖ್ಯರು.

ವೀಕ್ಷಣೆಯ ಸಮಯವೇ ಏಕೆ ಮುಖ್ಯ ಎಂದು ಸಹೋದ್ಯೋಗಿಗಳಿಗೆ ಮನವರಿಕೆ ಮಾಡಲು ಗುಡ್‌ರೋ ಒಂದು ಪ್ರಶ್ನೆ ಇಟ್ಟಿದ್ದರು. ಬೋ ಟೈ ಕಟ್ಟುವುದು ಹೇಗೆ ಎಂದು ಒಬ್ಬರು ಹುಡುಕುತ್ತಾರೆ. ಒಂದು ವಿಡಿಯೊ ಒಂದೇ ನಿಮಿಷದಲ್ಲಿ ಚೊಕ್ಕವಾಗಿ ಕಲಿಸುತ್ತದೆ. ಇನ್ನೊಂದು ಹತ್ತು ನಿಮಿಷದ್ದು, ತಮಾಷೆಯಿಂದ ತುಂಬಿದೆ, ಕೊನೆಗೆ ಟೈ ಕಟ್ಟಲು ಬಂದರೂ ಬಂತು, ಬರದಿದ್ದರೂ ಇಲ್ಲ. ಯಾವುದು ಮೇಲೆ ಬರಬೇಕು? ಗೂಗಲ್ ಹುಡುಕಾಟ ವಿಭಾಗದವರು ಮೊದಲನೆಯದು ಎಂದರು. ಗುಡ್‌ರೋ ಎರಡನೆಯದು ಎಂದರು. ಜನ ಖುಷಿಯಿಂದ ನೋಡುತ್ತ ಕೂತರೆ ಅದರಿಂದ ಅವರಿಗೆ ಸಂತೋಷ ಸಿಗುತ್ತಿದೆ ಎಂದೇ ಅರ್ಥ ಎಂಬುದು ಅವರ ವಾದ.

ಈ ವಾದದಲ್ಲಿ ತೂಕವಿದೆ. ಮೋಸದ ತಲೆಬರಹ ನೋಡಿ ಒಳಬಂದವನು ಹತ್ತು ಸೆಕೆಂಡಿನಲ್ಲಿ ಹೊರಹೋದರೆ, ಹೊಸ ಲೆಕ್ಕದಲ್ಲಿ ಅದು ಹತ್ತೇ ಸೆಕೆಂಡು. ಹಳೆಯ ಲೆಕ್ಕದ ದೊಡ್ಡ ದೋಷವನ್ನು ಸಮಯದ ಲೆಕ್ಕ ನಿಜವಾಗಿಯೂ ತಿದ್ದಿತು. ಆದರೆ ಅದೇ ಉದಾಹರಣೆಯಲ್ಲಿ ಹೊಸ ದೋಷವೂ ಇದೆ. ಟೈ ಕಟ್ಟಲು ಬಾರದೆ ಉಳಿದವನ ನಷ್ಟ ಯಾವ ಕಾಲಮ್ಮಿನಲ್ಲೂ ದಾಖಲಾಗುವುದಿಲ್ಲ. ನೋಡುವುದು ಮತ್ತು ಪ್ರಯೋಜನ ಪಡೆಯುವುದು ಬಹಳಷ್ಟು ಸಲ ಒಟ್ಟಿಗೆ ಹೋಗುತ್ತವೆ, ಯಾವಾಗಲೂ ಹೋಗುವುದಿಲ್ಲ. ರಾತ್ರಿ ಎರಡು ಗಂಟೆಯವರೆಗೆ ಒಂದಾದ ಮೇಲೊಂದು ವಿಡಿಯೊ ನೋಡಿ ಬೆಳಿಗ್ಗೆ ಪಶ್ಚಾತ್ತಾಪ ಪಡುವವರ ಸಮಯವೂ ಆ ನೂರು ಕೋಟಿಯೊಳಗೆ ಸೇರುತ್ತದೆ.

ತಂಡಕ್ಕೆ ಇದು ತಿಳಿಯದ ಸಂಗತಿಯಾಗಿರಲಿಲ್ಲ. ಕೀಳು ಅಭಿರುಚಿಯ, ಸಂವೇದನೆ ಕೆರಳಿಸುವ ವಿಡಿಯೊಗಳನ್ನು ಶಿಫಾರಸಿನಲ್ಲಿ ಕೆಳಗಿಳಿಸಿದಾಗ ವೀಕ್ಷಣೆಯ ಸಮಯ ಮೂರು ವಾರದಲ್ಲಿ ಶೇ 0.5ರಷ್ಟು ಕಡಿಮೆಯಾಯಿತು. ಗುರಿಯ ಹಾದಿಯಲ್ಲಿ ಅದು ಸಣ್ಣ ಪೆಟ್ಟಲ್ಲ. ಆದರೂ ತೀರ್ಮಾನ ಬದಲಿಸಲಿಲ್ಲ. ಮೂರು ತಿಂಗಳಾಗುವಷ್ಟರಲ್ಲಿ ಸಮಯ ಮತ್ತೆ ಏರಿತು. ಜನರಿಗೆ ಜೊಳ್ಳು ಸಿಗದಿದ್ದಾಗ ಅವರು ಕಾಳನ್ನು ಹುಡುಕಿಕೊಂಡರು.

2016ರ ಅಕ್ಟೋಬರ್‌ನಲ್ಲಿ, ಗಡುವಿಗೆ ಮುಂಚೆಯೇ, ನೂರು ಕೋಟಿ ಗಂಟೆ ಮುಟ್ಟಿತು. ಓಕೆಆರ್ ಲೆಕ್ಕದಲ್ಲಿ ಪೂರ್ತಿ ಅಂಕ. ನಂತರದ ವರ್ಷಗಳಲ್ಲಿ ಬಂದ ಟೀಕೆಯೂ ಅಷ್ಟೇ ದೊಡ್ಡದು. ಸುಳ್ಳು ವೈದ್ಯ, ಪಿತೂರಿ ಕಥೆ, ದ್ವೇಷದ ಮಾತುಗಳನ್ನು ಶಿಫಾರಸು ವ್ಯವಸ್ಥೆಯೇ ಮುಂದೆ ತಳ್ಳುತ್ತಿದೆ ಎಂದು ಸಂಶೋಧಕರೂ ಕಂಪನಿಯ ಮಾಜಿ ಎಂಜಿನಿಯರ್ ಒಬ್ಬರೂ ಬಹಿರಂಗವಾಗಿ ಹೇಳಿದರು. 2019ರ ಜನವರಿಯಲ್ಲಿ ಯೂಟ್ಯೂಬ್ ಇಂಥ ಅಂಚಿನ ವಿಡಿಯೊಗಳ ಶಿಫಾರಸನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಜೊತೆಗೆ, ನೋಡಿದವರಿಗೇ ವಿಡಿಯೊ ಹೇಗಿತ್ತು ಎಂದು ಕೇಳಿ ಒಂದರಿಂದ ಐದು ನಕ್ಷತ್ರ ಪಡೆಯುವ ಸಮೀಕ್ಷೆಯನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿತ್ತು. ನಾಲ್ಕು ಅಥವಾ ಐದು ನಕ್ಷತ್ರ ಸಿಕ್ಕ ಸಮಯ ಮಾತ್ರ ಬೆಲೆಯುಳ್ಳ ಸಮಯ. ಹೀಗೆ ತೆರೆದದ್ದು, ನೋಡಿದ್ದು, ಮೆಚ್ಚಿದ್ದು ಎಂದು ಅಳತೆ ಮೂರು ಮೆಟ್ಟಿಲು ಏರಿತು. ಒಂದೊಂದು ಮೆಟ್ಟಿಲೂ ನಿಜವಾದ ಗುರಿಗೆ ಇನ್ನಷ್ಟು ಹತ್ತಿರ.

ಜೋಡಿ ಅಳತೆ

ಈ ಅಪಾಯಕ್ಕೆ ಮದ್ದನ್ನು ಗ್ರೋವ್ ಬಹಳ ಹಿಂದೆಯೇ ಬರೆದಿಟ್ಟಿದ್ದರು. 1983ರ ತಮ್ಮ ಪುಸ್ತಕದಲ್ಲಿ ಅವರು ಕೊಡುವ ಸಲಹೆ, ಅಳತೆಗಳನ್ನು ಜೋಡಿಯಾಗಿ ಇಡಬೇಕು ಎಂಬುದು. ಒಂದು ಅಳತೆ ಕೆಲಸದ ಪ್ರಮಾಣವನ್ನು ಹೇಳಿದರೆ, ಅದನ್ನು ಹಿಂಬಾಲಿಸಿ ಬರುವ ಕೆಡುಕನ್ನು ಇನ್ನೊಂದು ಹಿಡಿಯಬೇಕು. ಗೋದಾಮಿನ ದಾಸ್ತಾನು ಇಳಿಸುವುದು ಗುರಿಯಾದರೆ, ಸರಕು ಇಲ್ಲವೆಂದು ಎಷ್ಟು ಸಲ ಕೆಲಸ ನಿಂತಿತು ಎಂಬುದನ್ನೂ ಎಣಿಸಬೇಕು.

ನಮಗೆಲ್ಲ ಪರಿಚಯವಿರುವ ಕೆಲಸವೊಂದರಲ್ಲಿ ಇದನ್ನು ಕಟ್ಟಿ ನೋಡೋಣ. ತಾಲ್ಲೂಕಿನ ವಿದ್ಯುತ್ ಸೆಕ್ಷನ್ ಆಫೀಸೊಂದನ್ನು ಊಹಿಸಿಕೊಳ್ಳಿ. ಗುರಿ ಹೀಗಿದೆ: ಕರೆಂಟ್ ಹೋದ ಮನೆಗೆ ಬೇಗ ಕರೆಂಟ್ ಬರಬೇಕು, ಬಂದದ್ದು ನಿಲ್ಲಬೇಕು. ಇದಕ್ಕೆ ಶೇ 95ರಷ್ಟು ದೂರುಗಳನ್ನು 24 ಗಂಟೆಯೊಳಗೆ ಮುಗಿಸುವುದು ಎಂಬ ಒಂದೇ ಫಲಿತಾಂಶ ಬರೆದರೆ ಏನಾಗುತ್ತದೆ? ಗಡುವು ಹತ್ತಿರ ಬಂದಂತೆ ಕಂಪ್ಯೂಟರಿನಲ್ಲಿ ದೂರು ಮುಗಿಯುತ್ತದೆ, ಮನೆಯಲ್ಲಿ ಕತ್ತಲು ಮುಗಿಯುವುದಿಲ್ಲ. ಲೈನ್‌ಮನ್ ಫ್ಯೂಸ್ ತಂತಿ ಕಟ್ಟಿ ಹೊರಡುತ್ತಾರೆ, ಏಕೆಂದರೆ ಟ್ರಾನ್ಸ್‌ಫಾರ್ಮರ್ ಮೇಲಿನ ಹೊರೆ ಹಂಚಲು ಕೂತರೆ ಉಳಿದ ದೂರುಗಳ ಗಡುವು ಮೀರುತ್ತದೆ. ಅವರ ಪ್ರಾಮಾಣಿಕತೆಯನ್ನು ಇಲ್ಲಿ ಶಂಕಿಸಬೇಕಿಲ್ಲ. ಆಫೀಸು ಕೇಳಿದ್ದನ್ನೇ ಅವರು ಕೊಡುತ್ತಿದ್ದಾರೆ.

ಈಗ ಎರಡನೆಯ ಫಲಿತಾಂಶ ಸೇರಿಸಿ: ಒಂದೇ ಆರ್‌ಆರ್ ನಂಬರಿನಿಂದ ಏಳು ದಿನದೊಳಗೆ ಮತ್ತೆ ಬರುವ ದೂರು ತಿಂಗಳಿಗೆ 90ರಿಂದ 30ಕ್ಕೆ ಇಳಿಯಬೇಕು. ಮೂರನೆಯದು: ಮುಗಿದ ದೂರುಗಳಲ್ಲಿ ವಾರಕ್ಕೆ 20ನ್ನು ಚೀಟಿ ಎತ್ತಿದಂತೆ ಆರಿಸಿ, ಆ ಮನೆಗಳಿಗೆ ಬೇರೆ ವಿಭಾಗದವರು ಫೋನ್ ಮಾಡಿ ಕೇಳಿದಾಗ ಕನಿಷ್ಠ 18 ಮನೆಯವರು ಸರಿಯಾಗಿದೆ ಎನ್ನಬೇಕು. ಈಗ ಬೇಗ ಮುಗಿಸಿದಂತೆ ತೋರಿಸುವುದರಿಂದ ಲಾಭವಿಲ್ಲ. ಮರುದೂರುಗಳ ಪಟ್ಟಿ ನೋಡಿದಾಗ ಹೆಚ್ಚಿನವು ಎರಡು ಮೂರು ಟ್ರಾನ್ಸ್‌ಫಾರ್ಮರ್‌ಗಳ ಸುತ್ತಲೇ ಇವೆ ಎಂದು ಕಂಡರೆ, ಕೆಲಸ ಎಲ್ಲಿಂದ ಶುರುವಾಗಬೇಕು ಎಂಬುದೂ ತಿಳಿಯುತ್ತದೆ.

ಮೂರು ತಿಂಗಳ ಕೊನೆಗೆ ಮರುದೂರು 48ಕ್ಕೆ ಬಂತು ಎನ್ನೋಣ. ಇಳಿಯಬೇಕಾದದ್ದು 60, ಇಳಿದದ್ದು 42. ಅಂಕ 0.7. ಎತ್ತರದ ಗುರಿಗೆ ಇದು ಒಳ್ಳೆಯ ಅಂಕವೇ. ಇದೇ ಅವಧಿಯಲ್ಲಿ 24 ಗಂಟೆಯ ಲೆಕ್ಕ ಶೇ 95ರಿಂದ 88ಕ್ಕೆ ಇಳಿದಿರಲೂಬಹುದು. ಮೊದಲ ಫಲಿತಾಂಶ ಒಂದೇ ಇದ್ದಿದ್ದರೆ ಇದನ್ನು ಸೋಲು ಎನ್ನುತ್ತಿದ್ದರು. ಮೂರನ್ನೂ ಒಟ್ಟಿಗೆ ಓದಿದಾಗ ತಂಡ ದಾರಿಯಲ್ಲಿದೆ ಎಂದು ಕಾಣುತ್ತದೆ.

ತಪ್ಪಿದ ಅಳತೆಯ ಗುರುತು

ಅಳತೆ ತಪ್ಪಿದೆ ಎಂದು ತಿಳಿಯಲು ವರ್ಷ ಕಾಯಬೇಕಿಲ್ಲ. ಅಂಕಿ ಏರುತ್ತಿದೆ, ಆದರೆ ಎದುರಿಗಿರುವ ಗ್ರಾಹಕರ ದೂರು ಹಾಗೇ ಇದೆ ಎಂದಾದರೆ ಅದು ಮೊದಲ ಗುರುತು. ಗಡುವಿನ ಕೊನೆಯ ವಾರದಲ್ಲಷ್ಟೇ ಅಂಕಿ ಜಿಗಿಯುವುದು ಎರಡನೆಯದು. ಮೂರನೆಯದು ಬರವಣಿಗೆಯಲ್ಲೇ ಸಿಗುತ್ತದೆ. ಹತ್ತು ಸಭೆ ನಡೆಸುವುದು, ಐದು ತರಬೇತಿ ಕೊಡುವುದು ಎಂಬಂಥವನ್ನು ಫಲಿತಾಂಶವೆಂದು ಬರೆದಿದ್ದರೆ, ಅವು ತಂಡ ಮಾಡುವ ಕೆಲಸಗಳೇ ಹೊರತು ಕೆಲಸದಿಂದ ಆದ ಬದಲಾವಣೆಯಲ್ಲ. ತರಬೇತಿ ಐದೂ ನಡೆದು ಒಬ್ಬರೂ ಏನೂ ಕಲಿಯದೆ ಹೋಗಬಹುದು.

ಜೋಡಿ ಅಳತೆಗೂ ಮಿತಿಯಿದೆ. ಕೆಲವು ಒಳಿತುಗಳು ಮೂರು ತಿಂಗಳ ಚೌಕಟ್ಟಿನಲ್ಲಿ ಕಾಣುವುದಿಲ್ಲ, ಇನ್ನು ಕೆಲವು ಎಣಿಕೆಗೇ ಸಿಗುವುದಿಲ್ಲ. ಅಂಥ ಕಡೆ ಪದೇ ಪದೇ ಹೋಗಿ ನೋಡಿ, ಜನರನ್ನು ಕೇಳಿ ತೀರ್ಮಾನಿಸಬೇಕು. ಅಂಕಿಯನ್ನು ಸುಮ್ಮನೆ ಹುಟ್ಟಿಸಬಾರದು. ಯೂಟ್ಯೂಬ್ ಮೂರು ವಾರದ ಅಂಕಿ ನೋಡಿ ಹೆದರಿ ಹಿಂದೆ ಸರಿದಿದ್ದರೆ, ಮೂರು ತಿಂಗಳ ಸತ್ಯ ಅದಕ್ಕೆ ತಿಳಿಯುತ್ತಲೇ ಇರಲಿಲ್ಲ.

ಮುಂದಿನ ಸಲ ನಿಮ್ಮ ತಂಡದ ಗುರಿ ಬರೆಯಲು ಕೂತಾಗ, ಪ್ರತಿ ಫಲಿತಾಂಶದ ಎದುರು ಒಂದು ಪ್ರಶ್ನೆ ಕೇಳಿ: ಯಾರಿಗೂ ಒಳ್ಳೆಯದು ಮಾಡದೆ ಈ ಅಂಕಿಯನ್ನು ಮುಟ್ಟಲು ಆಗುತ್ತದೆಯೇ? ಈ ಪ್ರಶ್ನೆಯನ್ನು ಕೆಲಸ ಮಾಡುವವರಿಗೇ ಕೇಳಿ, ಅಡ್ಡದಾರಿಗಳು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಹೌದು ಎಂಬ ಉತ್ತರ ಬಂದರೆ ಆ ದಾರಿಯನ್ನು ಮುಚ್ಚುವ ಜೋಡಿ ಅಳತೆಯನ್ನು ಅಲ್ಲೇ, ಅದೇ ಹಾಳೆಯಲ್ಲಿ ಬರೆಯಿರಿ.